ಕಲಾಕಂದ್ ದಿನಕ್ಕೆ ಎಷ್ಟು ಕೆಜಿ? ಪಿಯು ಮಕ್ಕಳಿಗೆ ಬರೆದ ಕಥೆ, ಲೆಕ್ಕ ನೋಡಿ ಹೇಳಿ

ಕಾಮರ್ಸ್ ಮೇಡಂ, ದಾವಣಗೆರೆ

ಎಲ್ಲರಿಗೂ ನಮಸ್ಕಾರ. ದ್ವಿತೀಯ ಪಿಯು ವಾಣಿಜ್ಯ ವಿಭಾಗದ ಮಕ್ಕಳಿಗೆ ಒಂದು ಸಣ್ಣ ಕಥೆ ಬರೆಯುತ್ತಿದ್ದೇನೆ. ಸರಕು ಮಿಕ್ಕರೂ ದುಡ್ಡು ಹೋಗುತ್ತದೆ, ಸಾಲದೆ ಬಂದರೂ ಹೋಗುತ್ತದೆ ಅನ್ನುವುದು ವಿಷಯ. ಅಂಗಡಿ ಮಂಡಿಪೇಟೆ ಕಡೆಯದು ಅಂತ ಇಟ್ಟುಕೊಂಡಿದ್ದೇನೆ. ಅಂಗಡಿಯೂ ಕಲ್ಪನೆ, ಜನರೂ ಕಲ್ಪನೆ. ದರಗಳನ್ನು ಮಕ್ಕಳು ಬಾಯಲ್ಲೇ ಲೆಕ್ಕ ಹಾಕುವಂತೆ ಇಟ್ಟಿದ್ದೇನೆ. ಮೊದಲರ್ಧ ಇಲ್ಲಿದೆ.

*ಮಲ್ಲಣ್ಣನ ಅಂಗಡಿಯಲ್ಲಿ ಕಲಾಕಂದ್ ತಟ್ಟೆ ಖಾಲಿಯಾಗಿದ್ದನ್ನು ಕಂಡವರು ಅಪರೂಪ. ದಿನಾ 12 ಕೆಜಿ ಮಾಡಿಸುತ್ತಿದ್ದ. "ಗಿರಾಕಿ ಬಂದು ಕೇಳಿದಾಗ ಇಲ್ಲ ಅನ್ನಬಾರದು" ಅನ್ನೋದು ಅವನ ಮಾತು. ರಾತ್ರಿ ಷಟರ್ ಎಳೆಯೋ ಮುಂಚೆ ಹುಡುಗ ಹನುಮ ಮಿಕ್ಕಿದ್ದನ್ನು ತೂಗಿ ಚೀಟಿಯಲ್ಲಿ ಬರೆಯುತ್ತಿದ್ದ. ಒಂದಿನ ಮೂರು ಕೆಜಿ, ಒಂದಿನ ನಾಲ್ಕು. ಆಮೇಲೆ ಅದನ್ನು ಹಿತ್ತಲ ಡ್ರಮ್ಮಿಗೆ ಸುರಿಯುತ್ತಿದ್ದ.*

*ರಜೆಗೆ ಬಂದ ಅಕ್ಕನ ಮಗಳು ಕಾವ್ಯ ಆ ಚೀಟಿಗಳನ್ನು ಕೂಡಿಸಿದಳು. "ಮಾವ, ಭಾನುವಾರ ಬಿಟ್ಟು 20 ದಿನದ್ದು ಕೂಡಿಸೀನಿ. ಮಾಡಿದ್ದು 240 ಕೆಜಿ, ಮಾರಿದ್ದು 171. ಡ್ರಮ್ಮಿಗೆ ಹೋಗಿದ್ದು 69." ಕೆಜಿಗೆ ಮಾಡೋ ಖರ್ಚು 300 ರೂಪಾಯಿ, ಮಾರೋದು 480ಕ್ಕೆ. ಅಂದರೆ 20,700 ರೂಪಾಯಿ ಡ್ರಮ್ಮಿಗೆ ಸುರಿದಂಗಾತು. ಕೈಗೆ ಉಳಿದಿದ್ದು 10,080.*

*ಮಲ್ಲಣ್ಣ ಅವತ್ತೇ ಭಟ್ಟರಿಗೆ ಹೇಳಿದ: "ನಾಳೆಯಿಂದ ಆರೇ ಕೆಜಿ." ಮುಂದಿನ 20 ದಿನ ಒಂದು ತುಂಡೂ ಮಿಗಲಿಲ್ಲ. ಲಾಭ 21,600. ಮೊದಲು ನೂರು ರೂಪಾಯಿ ವ್ಯಾಪಾರಕ್ಕೆ ಹನ್ನೆರಡು ರೂಪಾಯಿ ಚಿಲ್ಲರೆ ಉಳಿಯುತ್ತಿದ್ದುದು ಈಗ ಮೂವತ್ತೇಳೂವರೆ ಆಯಿತು. ಮಲ್ಲಣ್ಣನಿಗೆ ಪರಮ ಸಂತೋಷ.*

ಇನ್ನರ್ಧದಲ್ಲಿ ಜನ ಬರಿಗೈಲಿ ವಾಪಸ್ ಹೋಗೋದನ್ನು ತರಬೇಕು. ಒಂದು ಕಡೆ ಸಿಕ್ಕಿಕೊಂಡಿದ್ದೇನೆ: ಮಲ್ಲಣ್ಣನಿಗೆ ಅದು ಗೊತ್ತಾಗೋದು ಹೇಗೆ? ಡ್ರಮ್ಮು ಕಣ್ಣಿಗೆ ಕಾಣುತ್ತದೆ. ವಾಪಸ್ ಹೋದ ಗಿರಾಕಿ ಯಾವ ಪುಸ್ತಕದಲ್ಲೂ ಇಲ್ಲ.

ಬಿ.ಕಾಂ. ಎರಡನೇ ವರ್ಷ

ಮೇಡಂ, ಇದು ಸುಲಭ ಅಲ್ವಾ? 12 ಮಾಡಿದಾಗ 20 ದಿನಕ್ಕೆ 171 ಕೆಜಿ ಹೋಗಿದೆ. ಸರಾಸರಿ ಎಂಟೂವರೆ ಚಿಲ್ಲರೆ. ದಿನಾ 9 ಮಾಡಿದರೆ ಮುಗೀತು. ಇಲ್ಲಾಂದ್ರೆ ಒಂದು ಸಲಕ್ಕೆ ಎಷ್ಟು ತರಿಸಬೇಕು ಅಂತ ಹೇಳೋ ಇಒಕ್ಯೂ ಸೂತ್ರ ಹಾಕಿ. ಆರ್ಡರ್ ಖರ್ಚು, ದಾಸ್ತಾನು ಖರ್ಚು ಎರಡೂ ಸಮ ಆಗೋ ಕಡೆ ಉತ್ತರ ಸಿಗುತ್ತೆ. ನಮಗೆ ಈ ಸೆಮಿಸ್ಟರ್‌ನಲ್ಲೇ ಇತ್ತು.

ಕಾಸ್ಟಿಂಗ್ ಕೆಲಸದವರು

ಸರಾಸರಿ ತೆಗೆಯಬೇಕು ಅನಿಸಿದ್ದು ಒಳ್ಳೆಯದು, ಆದರೆ ಅಲ್ಲಿಗೇ ನಿಲ್ಲಬೇಡಿ. ಇಒಕ್ಯೂ ಮಾತ್ರ ಇಲ್ಲಿಗೆ ಹೊಂದುವುದಿಲ್ಲ. ಅದು ಸಕ್ಕರೆ ಮೂಟೆಗೆ, ಖಾಲಿ ಡಬ್ಬಿಗೆ ಸರಿ. ಇವತ್ತು ಮಿಕ್ಕ ಮೂಟೆ ನಾಳೆಗೂ ಮೂಟೆಯೇ. ಕಲಾಕಂದ್ ಹಾಗಲ್ಲ. ಬಿಡಿಯಾಗಿ ಮಾರುವ ಸಿಹಿಗೆ ಎಷ್ಟು ದಿನದೊಳಗೆ ತಿನ್ನಬೇಕು ಅನ್ನೋದನ್ನು ತಟ್ಟೆಯ ಮುಂದೆ ಬರೆದಿಡಬೇಕು ಅಂತ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐ 2020ರ ಅಕ್ಟೋಬರ್ 1ರಿಂದ ಕಡ್ಡಾಯ ಮಾಡಿದೆ. ಅವರ ಮಾರ್ಗಸೂಚಿಯಲ್ಲಿ ಕಲಾಕಂದ್ ಅದೇ ದಿನ ತಿನ್ನಬೇಕಾದ ಸಿಹಿ. ಖೋವಾ ಪೇಡಕ್ಕೆ ನಾಲ್ಕು ದಿನ ಇದೆ. ಹಾಗಾಗಿ ಮೇಡಂ ಕಲಾಕಂದ್ ಆರಿಸಿದ್ದು ಕಥೆಗೆ ತುಂಬಾ ಒಳ್ಳೆಯದಾಯಿತು. ದಿನ ಮುಗಿದರೆ ಬೆಲೆ ಸೊನ್ನೆ.

ಈಗ ಮೇಡಂ ಕೇಳಿದ ಪ್ರಶ್ನೆ. ಮಲ್ಲಣ್ಣನ ಎರಡನೇ ತಿಂಗಳ ಪುಸ್ತಕ ತೆರೆದರೆ ದಿನಾ 6 ಕೆಜಿ ಮಾರಾಟ ಅಂತ ಇರುತ್ತದೆ. ಅದನ್ನು ಓದಿದವರು ಈ ಊರಲ್ಲಿ ದಿನಕ್ಕೆ ಆರೇ ಕೆಜಿ ಕಲಾಕಂದ್ ಬೇಕು ಅಂದುಕೊಳ್ಳುತ್ತಾರೆ. ತಟ್ಟೆ ಖಾಲಿಯಾದ ಮೇಲೆ ಬಂದವರು ಅದರಲ್ಲಿ ಎಲ್ಲೂ ಇಲ್ಲ. ಇದು ಕಥೆಯ ಗಟ್ಟಿ ಜಾಗ, ಇದನ್ನು ಬಿಡಬೇಡಿ. ಲಾಭದ ಪ್ರಮಾಣ ನೋಡಿಕೊಂಡು ಕೂತರೆ ಇನ್ನೂ ದಾರಿ ತಪ್ಪುತ್ತದೆ. ಒಂದು ತುಂಡೂ ಮಿಗದ ಅಂಗಡಿಯಲ್ಲಿ ಆ ಪ್ರಮಾಣ ಯಾವಾಗಲೂ ತುತ್ತತುದಿಯಲ್ಲೇ ಇರುತ್ತದೆ. 480ರಲ್ಲಿ 180 ಅಂದರೆ ಮೂವತ್ತೇಳೂವರೆ, ಅದಕ್ಕಿಂತ ಮೇಲೆ ಹೋಗೋಕೆ ಜಾಗವೇ ಇಲ್ಲ. ದಿನಕ್ಕೆ ಒಂದೇ ಕೆಜಿ ಮಾಡಿದರೂ ಅಷ್ಟೇ ಬರುತ್ತದೆ. ಮಕ್ಕಳಿಗೆ ಇದನ್ನು ಬಾಯಿಪಾಠದ ಸೂತ್ರವಾಗಿ ಕಲಿಸಿ ಬಿಟ್ಟರೆ ಅವರು ಮಲ್ಲಣ್ಣನ ಜೊತೆ ಸೇರಿ ಖುಷಿಪಡುತ್ತಾರೆ.

ಗೊತ್ತಾಗೋ ದಾರಿ ಎರಡಿವೆ. ಮೊದಲನೆಯದು, 12 ಕೆಜಿ ಮಾಡುತ್ತಿದ್ದ ತಿಂಗಳ ಚೀಟಿಗಳು. ಆ ತಿಂಗಳು ಇಲ್ಲ ಅನ್ನೋ ಮಾತು ಬಂದಿದ್ದು ಕಡಿಮೆ, ಹಾಗಾಗಿ ಮಾರಿದ್ದು ಹೆಚ್ಚುಕಡಿಮೆ ಜನ ಕೇಳಿದ್ದೇ. ನಷ್ಟದ ತಿಂಗಳು ಅಂತ ಆ ಚೀಟಿ ಹರಿದು ಹಾಕಿದರೆ ಇರುವ ಒಂದೇ ನಿಜವಾದ ಅಳತೆಯೂ ಹೋಯಿತು. ಎರಡನೆಯದು, ಖಾಲಿಯಾದ ಮೇಲೆ ಕೇಳಿದವರನ್ನು ಕೌಂಟರಿನಲ್ಲೇ ಬರೆದುಕೊಳ್ಳೋದು. ಎಷ್ಟು ಜನ ಅಂತ ಅಲ್ಲ, ಎಷ್ಟು ತೂಕ ಕೇಳಿದರು ಅಂತ. ಕಾಲು ಕೆಜಿಯವರೂ ಇರುತ್ತಾರೆ, ಎರಡು ಕೆಜಿಯವರೂ ಇರುತ್ತಾರೆ.

ಜವಳಿ ಅಂಗಡಿ

ನಮ್ಮದೂ ಇದೇ ಗೋಳು. ಶಾಲೆ ಯೂನಿಫಾರಂ ಬಟ್ಟೆ ಜೂನ್‌ಗೆ ಕಡಿಮೆ ಬಿದ್ದರೆ ಗಿರಾಕಿ ಪಕ್ಕದ ಅಂಗಡಿಗೆ, ಹೆಚ್ಚಾದರೆ ಗೋಡೌನ್‌ಗೆ. ಅದಕ್ಕೆ ನಾವು ಯಾವಾಗಲೂ ಒಂದು ಥಾನು ಜಾಸ್ತಿಯೇ ತರಿಸೋದು. ಮಿಕ್ಕಿದ್ದು ಮುಂದಿನ ವರ್ಷಕ್ಕೆ ಆಗುತ್ತೆ. ಮಲ್ಲಣ್ಣನೂ ಹಾಗೆ ಮಾಡಲಿ, ಸ್ವಲ್ಪ ಜಾಸ್ತಿ ಇಟ್ಟುಕೊಂಡರೆ ಮರ್ಯಾದೆ ಉಳಿಯುತ್ತೆ. ಅಂದಹಾಗೆ ಹೊಸದಾಗಿ ಸಿಹಿ ಅಂಗಡಿ ಹಾಕೋರು ಯಾವ ಲೈಸೆನ್ಸ್ ತಗೋಬೇಕು ಅಂತ ಇಲ್ಲಿ ಯಾರಾದರೂ ಹೇಳ್ತೀರಾ?

ಕಾಸ್ಟಿಂಗ್ ಕೆಲಸದವರು

ಲೈಸೆನ್ಸ್ ವಿಷಯ ಬೇರೆ ಚರ್ಚೆಗೆ ಇಡೋಣ. ಯೂನಿಫಾರಂ ಮಾತು ಇಲ್ಲಿಗೆ ಬೇಕಾದದ್ದೇ. ನಿಮ್ಮ ಥಾನು ಮಿಕ್ಕರೆ ಹೋಗೋದು ಒಂದು ವರ್ಷದ ಬಡ್ಡಿ, ಗೋಡೌನ್ ಜಾಗ, ಶಾಲೆಯವರು ಬಣ್ಣ ಬದಲಿಸಿದರೆ ಅನ್ನೋ ಭಯ. ಬಟ್ಟೆ ಇದ್ದೇ ಇರುತ್ತದೆ. ಅದಕ್ಕೇ ನಿಮಗೆ ಜಾಸ್ತಿ ತರಿಸೋದು ಸರಿ. ಮಲ್ಲಣ್ಣನಿಗೆ ಮಿಕ್ಕ ಕೆಜಿಗೆ ಪೂರ್ತಿ 300 ಹೋಗುತ್ತದೆ, ಸಾಲದೆ ಬಂದ ಕೆಜಿಗೆ ಹೋಗೋದು 180 ಲಾಭ. ಎರಡೂ ನಷ್ಟವೇ, ಆದರೆ ಒಂದೇ ತೂಕದವಲ್ಲ. ಅವನು ಸ್ವಲ್ಪ ಕಡಿಮೆ ಕಡೆಗೇ ವಾಲಬೇಕು. ಎಷ್ಟು ಕಡಿಮೆ ಅಂತ ಲೆಕ್ಕ ಹಾಕೋಣ.

ಮೇಡಂ, 12 ಕೆಜಿ ತಿಂಗಳ 171ನ್ನು ದಿನಗಳಿಗೆ ಹೀಗೆ ಹಂಚಿ. ಒಟ್ಟು ಸರಿಹೋಗುತ್ತದೆ:

6 ಕೆಜಿ ಹೋದ ದಿನ: 2
7 ಕೆಜಿ: 3
8 ಕೆಜಿ: 5
9 ಕೆಜಿ: 5
10 ಕೆಜಿ: 3
11 ಕೆಜಿ: 1
12 ಕೆಜಿ: 1

ಇನ್ನು ಒಂದೊಂದೇ ಕೆಜಿ ತೆಗೆದುಕೊಂಡು ಕೇಳಬೇಕು. ಏಳನೇ ಕೆಜಿ ಮಾಡಿದರೆ ಅದು 20ರಲ್ಲಿ 18 ದಿನ ಮಾರಾಟವಾಗುತ್ತದೆ, 2 ದಿನ ಡ್ರಮ್ಮಿಗೆ. 18 ಸಲ 180 ಅಂದರೆ 3,240 ಬಂತು, 2 ಸಲ 300 ಅಂದರೆ 600 ಹೋಯಿತು. ಮಾಡಬಹುದು. ಎಂಟನೇ ಕೆಜಿ 15 ದಿನ ಮಾರುತ್ತದೆ, 5 ದಿನ ಮಿಗುತ್ತದೆ. 2,700 ಬಂತು, 1,500 ಹೋಯಿತು. ಅದೂ ಸರಿ, 1,200 ಲಾಭ. ಒಂಬತ್ತನೇ ಕೆಜಿಗೆ ಬನ್ನಿ: 10 ದಿನ ಮಾರಾಟ, 10 ದಿನ ಮಿಕ್ಕಿದ್ದು. 1,800 ಬಂದು 3,000 ಹೋಗುತ್ತದೆ. ಅಲ್ಲಿಗೆ ನಿಲ್ಲಿಸಬೇಕು. ಉತ್ತರ 8. ಬಿ.ಕಾಂ. ಗೆಳೆಯರು ಹೇಳಿದ 9 ಹತ್ತಿರ ಬಂದಿದೆ, ಆದರೆ ಸರಾಸರಿ ಎರಡೂ ಬದಿಯ ನಷ್ಟ ಸಮ ಅಂದುಕೊಂಡು ಬರುವ ಉತ್ತರ. ಇಲ್ಲಿ 9 ಮಾಡಿದರೆ 20 ದಿನಕ್ಕೆ ಸಿಗೋದು 24,240, 8 ಮಾಡಿದರೆ 25,440.

ಬಿ.ಕಾಂ. ಎರಡನೇ ವರ್ಷ

ಸರ್, 8 ಮಾಡಿದರೆ 20ರಲ್ಲಿ 10 ದಿನ ಯಾರೋ ಒಬ್ಬರು ಬರಿಗೈಲಿ ಹೋಗ್ತಾರೆ. ಅರ್ಧಕ್ಕರ್ಧ ದಿನ ಇಲ್ಲ ಅನ್ನೋ ಅಂಗಡಿ ಒಳ್ಳೇ ಅಂಗಡಿ ಹೇಗಾಗುತ್ತೆ? ಇನ್ನೊಂದು, 300ರಲ್ಲಿ ಬಾಡಿಗೆ, ಭಟ್ಟರ ಸಂಬಳ ಸೇರಿದೆಯಾ? ಸೇರಿಸಿದರೆ ಉತ್ತರ ಬದಲಾಗಬೇಕಲ್ಲ.

ಕಾಸ್ಟಿಂಗ್ ಕೆಲಸದವರು

ಸಂಬಳ, ಬಾಡಿಗೆ ಸೇರಿಸಬಾರದು. ಏಳು ಕೆಜಿ ಬದಲು ಎಂಟು ಮಾಡಿದರೆ ಭಟ್ಟರಿಗೆ ಸಂಬಳ ಹೆಚ್ಚು ಕೊಡುತ್ತಾರಾ? ಇಲ್ಲ. ಬಾಡಿಗೆ ಏರುತ್ತದಾ? ಇಲ್ಲ. ಇನ್ನೊಂದು ಕೆಜಿ ಮಾಡೋಕೆ ಹೊಸದಾಗಿ ಜೇಬಿನಿಂದ ಹೋಗೋದು ಮಾತ್ರ ಇಲ್ಲಿ ಲೆಕ್ಕ: ಹಾಲು, ಸಕ್ಕರೆ, ಗ್ಯಾಸ್, ತಟ್ಟೆಗೆ ಸವರೋ ತುಪ್ಪ. ಡಬ್ಬಿಯೂ ಬೇಡ, ಯಾಕಂದ್ರೆ ಡಬ್ಬಿ ಖರ್ಚಾಗೋದು ಮಾರಿದಾಗ ಮಾತ್ರ. ಡ್ರಮ್ಮಿಗೆ ಸುರಿಯೋ ಕಲಾಕಂದ್‌ಗೆ ಯಾರೂ ಡಬ್ಬಿ ಕಟ್ಟಲ್ಲ. ಅದಕ್ಕೆ 480 ಅನ್ನೋದು ಡಬ್ಬಿ ದುಡ್ಡು ಕಳೆದ ಮೇಲಿನ ದರ ಅಂತ ಕಥೆಯಲ್ಲಿ ಒಂದು ಸಾಲು ಬರಲಿ. ಬಾಡಿಗೆ ಸೇರಿಸಿ ಖರ್ಚನ್ನು 400 ಅಂತ ಬರೆದರೆ ಲಾಭ 80 ಅನಿಸುತ್ತದೆ, ಎಂಟನೇ ಕೆಜಿಯೂ ನಷ್ಟದಂತೆ ಕಾಣುತ್ತದೆ, ಮಲ್ಲಣ್ಣ ಏಳಕ್ಕೆ ಇಳಿಯುತ್ತಾನೆ. ಬಾಡಿಗೆ ಮಾತ್ರ ಅಷ್ಟೇ ಇರುತ್ತದೆ.

ಅರ್ಧ ದಿನ ಇಲ್ಲ ಅನ್ನೋದು ಸರಿಯಾ ಅನ್ನೋದು ಒಳ್ಳೇ ಪ್ರಶ್ನೆ. ಅದು 180 ನಿಜಕ್ಕೂ 180 ಹೌದಾ ಅನ್ನೋದರ ಮೇಲೆ ನಿಂತಿದೆ. ಅಡುಗೆಮನೆ ಗೊತ್ತಿರೋರು ಮೊದಲು ಮಾತಾಡಲಿ.

ಭಟ್ಟಿ ಮನೆ, ಚಿತ್ರದುರ್ಗ

ಲೆಕ್ಕ ಚೆನ್ನಾಗೈತೆ, ಆದ್ರೆ ಕಲಾಕಂದ್ ಒಂದೊಂದೇ ಕೆಜಿ ಹೆಚ್ಚು ಕಡಿಮೆ ಆಗಲ್ಲ. ಅದು ಕಡಾಯಿ ಲೆಕ್ಕ. ಅಗಲ ಕಡಾಯಿಗೆ 10 ಲೀಟರ್ ಹಸುವಿನ ಹಾಲು ಹಾಕಿದ್ರೆ ಸಕ್ಕರೆ ಎಲ್ಲಾ ಸೇರಿ ಸುಮಾರು 2 ಕೆಜಿ ಕೂರುತ್ತೆ. ಎಮ್ಮೆ ಹಾಲಾದ್ರೆ ಸ್ವಲ್ಪ ಜಾಸ್ತಿ. ಹಂಗಾಗಿ ಮಲ್ಲಣ್ಣಂಗೆ ಇರೋ ದಾರಿ 6, 8, 10, ಅಷ್ಟೇ. ಎಂಟು ಬಂದಿದ್ದು ಪುಣ್ಯ. ಒಂಬತ್ತು ಅಂತ ಬಂದಿದ್ರೆ ಭಟ್ಟರು ಬೈತಿದ್ರು.

ಸಂಜೆ ಖಾಲಿ ಆಗೋದು ಕಂಡು ಇನ್ನೊಂದು ಕಡಾಯಿ ಇಡೋದು ಅಂತ ಕಥೇಲಿ ಬರೀಬೇಡ್ರಿ, ಆಗಲ್ಲ. ಹಾಲು ಜೋರು ಉರೀಲಿ ತಳ ಹತ್ತದಂಗೆ ತಿರುವಬೇಕು. ಮೂರರಲ್ಲಿ ಒಂದು ಪಾಲು ಇಳಿದ ಮೇಲೆ ಪಟಕದ ಪುಡೀನೋ ನಿಂಬೆ ಉಪ್ಪಿನ ನೀರೋ ಚೂರು ಚೂರು ಬಿಡಬೇಕು, ಆವಾಗ ಹರಳು ಹರಳು ಒಡೆಯುತ್ತೆ. ಆಮೇಲೆ ಸಕ್ಕರೆ. ಕಡಾಯಿ ಅಂಚು ಬಿಟ್ಟು ಬರೋವರೆಗೂ ಬಾಡಿಸಿ, ತುಪ್ಪ ಸವರಿದ ತಟ್ಟೆಗೆ ಸುರಿದು ನಾಲ್ಕೈದು ತಾಸು ಬಿಡಬೇಕು. ಬಿಸೀಲಿ ಕೊಯ್ದರೆ ತುಂಡು ಕುಸಿಯುತ್ತೆ. ಸಂಜೆ ಆರಕ್ಕೆ ಬೇಕು ಅಂದ್ರೆ ಬೆಳಿಗ್ಗೆ ಹನ್ನೊಂದು ಗಂಟೆಯೊಳಗೆ ಹಾಲು ಒಲೆ ಮೇಲಿರಬೇಕು. ಇನ್ನೊಂದು ಕಡಾಯಿ ಬೇಕೋ ಬೇಡ್ವೋ ಅಂತ ತೀರ್ಮಾನ ಮಾಡೋಕೆ ಮಲ್ಲಣ್ಣಂಗೆ ಇರೋ ಟೈಮು ಅಷ್ಟೇ. ಹನ್ನೊಂದಕ್ಕೆ ಸಂಜೆ ವ್ಯಾಪಾರ ಯಾರಿಗೂ ಗೊತ್ತಿರಲ್ಲ.

ಇನ್ನೊಂದು ಮಾತು. ಮಿಕ್ಕಿದ್ದನ್ನು ನಾಳೆ ಕಡಾಯಿಗೆ ಬೆರೆಸೋಣ ಅಂತ ಯಾವುದಾದ್ರೂ ಮಗು ಕೇಳೇ ಕೇಳುತ್ತೆ. ಹಳೇದು ರಾತ್ರಿಯೆಲ್ಲಾ ಒಳಗೇ ಹುಳಿ ತಿರುಗಿರುತ್ತೆ, ಮೂಗಿಗೆ ಗೊತ್ತಾಗೋ ಮುಂಚೇನೇ. ಅದನ್ನು ಹಾಲಿಗೆ ಹಾಕಿದ್ರೆ ಹತ್ತು ಲೀಟರೂ ಬೇಡದ ಹೊತ್ತಿಗೆ ಒಡೆದು ರಬ್ಬರ್ ಹರಳಾಗುತ್ತೆ. ಒಂದು ಕೆಜಿ ಉಳಿಸೋಕೆ ಹೋಗಿ ಎರಡು ಕೆಜಿ ಹೋಗುತ್ತೆ. ತಿಂದವರ ಹೊಟ್ಟೆ ಕೆಟ್ಟರೆ ಅದು ಬೇರೆ ಪಾಪ. ಅಂಚಲ್ಲಿ ನೀರು ಬಿಟ್ಟಿದ್ರೆ, ಮುರಿದಾಗ ನೂಲು ಎಳೆದಂಗೆ ಬಂದ್ರೆ ಅದು ಕೆಟ್ಟಿದೆ ಅಂತಲೇ.

ಕಾಮರ್ಸ್ ಮೇಡಂ, ದಾವಣಗೆರೆ

ತುಂಬಾ ಉಪಕಾರವಾಯಿತು. ಹಾಗಾದರೆ ಇನ್ನರ್ಧ ಹೀಗೆ ಬರಲಿ:

*ಆರು ಕೆಜಿಯ ಎರಡನೇ ದಿನ ಸಂಜೆ ಆರೂವರೆಗೇ ತಟ್ಟೆ ಖಾಲಿ. ಏಳಕ್ಕೆ ಬಂದ ಮೇಷ್ಟ್ರು ಖಾಲಿ ತಟ್ಟೆ ನೋಡಿ, "ಯಾಕ್ರಿ ಮಲ್ಲಣ್ಣ, ಇಷ್ಟೊತ್ತಿಗೇ?" ಅಂದರು. "ನಾಳೆ ಬರ್ರಿ ಸಾರ್, ತೆಗೆದಿಟ್ಟಿರ್ತೀನಿ" ಅಂದ ಮಲ್ಲಣ್ಣ. ಮನಸ್ಸಿನಲ್ಲಿ ಅವನಿಗೆ ಹೆಮ್ಮೆಯೇ ಆಯಿತು. ನಮ್ಮ ಮಾಲು ಎಷ್ಟು ಬೇಗ ಹೋಗುತ್ತೆ ನೋಡು!*

*ಕಾವ್ಯ ಕ್ಯಾಲೆಂಡರಿನ ಹಳೇ ಹಾಳೆ ತಿರುಗಿಸಿ ತಕ್ಕಡಿ ಪಕ್ಕ ಮೊಳೆಗೆ ಸಿಗಿಸಿದಳು. "ಹನುಮ, ಇನ್ನು ಮೇಲೆ ಕಲಾಕಂದ್ ಇಲ್ಲ ಅಂದಾಗೆಲ್ಲ ಎಷ್ಟು ಬೇಕಿತ್ತು ಅಂತ ಕೇಳಿ ಇಲ್ಲಿ ಬರಿ. ಗಂಟೆನೂ ಬರಿ."*

*ಹಾಳೆ ದಿನಾ ಸಂಜೆ ತುಂಬತೊಡಗಿತು. 6.40, ಕಾಲು. 7.05, ಅರ್ಧ. 7.10, ಕಾಲು. 7.30, ಒಂದು ಕೆಜಿ. 20 ದಿನ ಕಳೆದ ಮೇಲೆ ಕೂಡಿಸಿದರೆ 51 ಕೆಜಿ. ಕಾವ್ಯ 51ನ್ನು 180ರಿಂದ ಗುಣಿಸಿ ಮಾವನ ಮುಂದೆ ಹಿಡಿದಳು. 9,180.*

*"ಈ ದುಡ್ಡು ಎಲ್ಲಿ ಹೋಯ್ತವ್ವ? ಗಲ್ಲಾ ಪೆಟ್ಟಿಗೆಯಿಂದ ಒಂದು ರೂಪಾಯಿನೂ ಕದ್ದಿಲ್ಲಲ್ಲ?"*

*"ಬಂದೇ ಇಲ್ಲ ಮಾವ. ಅದಕ್ಕೇ ಹೋಗಿದ್ದು ಕಾಣಲಿಲ್ಲ."*

*ಮಲ್ಲಣ್ಣ ಎದ್ದು ನಿಂತ. "ಹಂಗಾದ್ರೆ ನಾಳೆಯಿಂದ ಮತ್ತೆ ಹನ್ನೆರಡು!" ಕಾವ್ಯ ತಲೆ ಅಲ್ಲಾಡಿಸಿ ಹಳೇ ಚೀಟಿಗಳನ್ನು ಮೇಜಿನ ಮೇಲೆ ಹರಡಿದಳು. "ಹನ್ನೆರಡನೇ ಕೆಜಿ ಎಷ್ಟು ದಿನ ಮಾರಿದ್ದೆ ಹೇಳು ಮಾವ?" ಒಂದೇ ಚೀಟಿ ಸಿಕ್ಕಿತು. "ಹನ್ನೊಂದನೇದು?" ಎರಡು. ಹೀಗೆ ಕೆಳಗಿಳಿಯುತ್ತಾ ಒಂಬತ್ತಕ್ಕೆ ಬಂದಾಗ ಎರಡು ಗುಡ್ಡೆಯೂ ಸಮ, ಹತ್ತು ಹತ್ತು. ಮಲ್ಲಣ್ಣ ತಾನೇ ಬಾಯಿಬಿಟ್ಟ: "ಹತ್ತು ದಿನ ನೂರಾಎಂಬತ್ತು ಬಂದು ಹತ್ತು ದಿನ ಮುನ್ನೂರು ಹೋದ್ರೆ ಮೈಮೇಲೇ ಬರುತ್ತೆ." ಎಂಟಕ್ಕೆ ಬಂದಾಗ ಭಟ್ಟರನ್ನು ಕೂಗಿದ. "ನಾಳೆಗೆ ನಾಲ್ಕು ಕಡಾಯಿ."*

8 ಕೆಜಿ ಮಾಡಿದ ತಿಂಗಳು 7 ಕೆಜಿ ಮಿಗುತ್ತದೆ, 18 ಕೆಜಿ ಸಾಲದೆ ಹೋಗುತ್ತದೆ. ಎರಡೂ ಸೊನ್ನೆ ಆಗಲಿಲ್ಲ ಅನ್ನೋದನ್ನು ಹಾಗೇ ಬಿಡುತ್ತಿದ್ದೇನೆ. ಮಕ್ಕಳು ಯಾವಾಗಲೂ ನಷ್ಟ ಪೂರ್ತಿ ಸೊನ್ನೆಯಾಗಬೇಕು ಅಂತ ಹುಡುಕುತ್ತಾರೆ.

ಕಾಸ್ಟಿಂಗ್ ಕೆಲಸದವರು

ಬಹಳ ಚೆನ್ನಾಗಿ ಬಂದಿದೆ. ಆ 7 ಮತ್ತು 18ನ್ನು ಮಕ್ಕಳಿಂದಲೇ ದುಡ್ಡಿಗೆ ತಿರುಗಿಸಿ. 7 ಸಲ 300 ಅಂದರೆ 2,100, 18 ಸಲ 180 ಅಂದರೆ 3,240, ಸೇರಿ 5,340. ಹನ್ನೆರಡರ ತಿಂಗಳಲ್ಲಿ ಇದೇ ಮೊತ್ತ 20,700, ಆರರ ತಿಂಗಳಲ್ಲಿ 9,180. ಮೂರನ್ನೂ ಪಕ್ಕ ಪಕ್ಕ ಇಟ್ಟರೆ ಸಾಕು. ನೂರಕ್ಕೆ ಉಳಿಯೋದನ್ನು ನೋಡಿದರೆ ಎಂಟರ ತಿಂಗಳು ಮೂವತ್ನಾಲ್ಕೂವರೆಯ ಆಸುಪಾಸು, ಆರರ ತಿಂಗಳಿಗಿಂತ ಕಡಿಮೆ. ಕೈಗೆ ಬಂದಿದ್ದು ಮಾತ್ರ 3,840 ಹೆಚ್ಚು.

ಹಾಳೆಯ ಬಗ್ಗೆ ಒಂದು ಎಚ್ಚರಿಕೆ. 51 ಅನ್ನೋದು ಕೇಳಿದವರ ಲೆಕ್ಕ. ರಸ್ತೆಯಿಂದಲೇ ಖಾಲಿ ತಟ್ಟೆ ಕಂಡು ಗಾಡಿ ನಿಲ್ಲಿಸದೆ ಹೋದವರು ಅದರಲ್ಲಿಲ್ಲ. ನಿಜ ಸಂಖ್ಯೆ ಅದಕ್ಕಿಂತ ಹೆಚ್ಚೇ ಇರುತ್ತದೆ. ಇನ್ನೊಂದು ಕಡೆ, ಒಬ್ಬರೇ ಎರಡು ಸಲ ಬಂದು ಕೇಳಿದರೆ ಎರಡು ಸಲ ಬರೆದಿರುತ್ತಾರೆ. ಕಥೆಯಲ್ಲಿ ಹಳೇ ಚೀಟಿಯ 171ರಲ್ಲಿ 120 ಕಳೆದರೆ 51 ಬಂದು ಎರಡೂ ಸರಿಹೋಗುತ್ತವೆ, ಅಂಗಡಿಯಲ್ಲಿ ಹಾಗೆ ತಾಳೆಯಾಗುವುದು ಕಡಿಮೆ.

ಕೌಂಟರ್ ನೋಡಿಕೊಳ್ಳುವವರು

ನೀವೆಲ್ಲ 180 ಅಂತೀರಾ, ನನಗೆ ಅದು ಒಪ್ಪಿಗೆ ಇಲ್ಲ. ಸಿಹಿಗೆ ಬಂದವರು ಬರೀ ಸಿಹಿ ಒಯ್ಯಲ್ಲ. ಕಾಲು ಕೆಜಿ ಕಲಾಕಂದ್ ಜೊತೆ ಖಾರ ಮಂಡಕ್ಕಿನೋ ಚೌಚೌನೋ ಕಟ್ಟಿಸ್ತಾರೆ. ಕಲಾಕಂದ್ ಇಲ್ಲ ಅಂದ್ರೆ ಖಾರನೂ ಬಿಟ್ಟು ಮುಂದಿನ ಅಂಗಡಿಗೆ ಹೋಗ್ತಾರೆ. ಎರಡು ಸಲ ಹಂಗಾದ್ರೆ ಮೂರನೇ ಸಲ ನೇರ ಅಲ್ಲಿಗೇ. ಅದನ್ನೂ ಲೆಕ್ಕ ಹಾಕ್ರಿ.

ಕಾಸ್ಟಿಂಗ್ ಕೆಲಸದವರು

ಹಾಕಬೇಕಾದದ್ದೇ. ಒಂದು ಕೆಜಿ ಅಂದರೆ ಕಾಲು ಕೆಜಿಯ ನಾಲ್ಕು ಗಿರಾಕಿ. ಒಬ್ಬೊಬ್ಬರ ಖಾರದಲ್ಲಿ 35 ರೂಪಾಯಿ ಲಾಭ ಇತ್ತು, ನಾಲ್ವರೂ ಅದನ್ನೂ ಬಿಟ್ಟು ಹೋದರು ಅಂದುಕೊಳ್ಳಿ. 180ಕ್ಕೆ 140 ಸೇರಿ 320. ಈಗ ಒಂಬತ್ತನೇ ಕೆಜಿ ನೋಡಿ: 10 ದಿನ 320 ಅಂದರೆ 3,200, 10 ದಿನ 300 ಅಂದರೆ 3,000. ಒಂಬತ್ತೂ ಮಾಡಬಹುದು ಅಂತಾಯಿತು. ಹತ್ತನೇದು ಮಾತ್ರ ಈಗಲೂ ಆಗಲ್ಲ, 5 ದಿನಕ್ಕೆ 1,600 ಬಂದು 15 ದಿನಕ್ಕೆ 4,500 ಹೋಗುತ್ತದೆ. ಭಟ್ಟಿ ಮನೆಯವರ ಎರಡು ಕೆಜಿ ಕಡಾಯಿ ಇದ್ದರೆ ಒಂಬತ್ತು ಮಾಡಲಾಗದು, ಹಾಗಾಗಿ ಎಂಟೇ ನಿಲ್ಲುತ್ತದೆ.

ಆದರೆ ಉಲ್ಟಾ ಕೂಡ ಇದೆ. ಕಲಾಕಂದ್ ಇಲ್ಲ ಅಂದರೆ "ಪೇಡಾನೇ ಕೊಡ್ರಿ" ಅನ್ನೋರು ಇಲ್ಲವಾ? ಅರ್ಧ ಜನ ಪೇಡ ಒಯ್ದು ಅದರಲ್ಲೂ ಅಷ್ಟೇ ಲಾಭ ಬಂದರೆ, ಸಾಲದೆ ಬಂದ ಕೆಜಿಗೆ ಹೋಗೋದು 90 ಮಾತ್ರ. ಆಗ ಎಂಟನೇ ಕೆಜಿಗೆ 15 ಸಲ 90 ಅಂದರೆ 1,350, ಮಿಕ್ಕ 5 ದಿನಕ್ಕೆ 1,500. ಏಳಕ್ಕೆ ನಿಲ್ಲಿಸಬೇಕು.

ಕೌಂಟರ್ ನೋಡಿಕೊಳ್ಳುವವರು

ಪೇಡ ಒಯ್ಯೋರು ಇದಾರೆ, ಅರ್ಧ ಅಂತೂ ಇಲ್ಲ. ನೆಂಟರ ಮನೆಗೆ ಒಯ್ಯೋರು ಏನಾದ್ರೂ ತಗೋತಾರೆ. ಮನೇಲಿ ಮಗು ಕಲಾಕಂದೇ ಬೇಕು ಅಂದಿದ್ರೆ ಪೇಡ ಮುಟ್ಟಲ್ಲ.

ಬಿ.ಕಾಂ. ಎರಡನೇ ವರ್ಷ

ಹಾಗಾದ್ರೆ ಉತ್ತರ 7, 8, 9 ಮೂರರಲ್ಲಿ ಯಾವುದಾದರೂ ಆಗಬಹುದು ಅಂತಾಯ್ತು. ಪರೀಕ್ಷೆಯಲ್ಲಿ ಏನು ಬರೆಯೋದು?

ಕಾಮರ್ಸ್ ಮೇಡಂ, ದಾವಣಗೆರೆ

ಪರೀಕ್ಷೆಗೆ ಕೊಟ್ಟ ದರದ ಮೇಲೆ ಬರೆಯಿರಿ, 8. ತರಗತಿಯಲ್ಲಿ ಮಾತ್ರ ಇದನ್ನು ಬಿಡಿಸಿ ಹೇಳುತ್ತೇನೆ. ಹನುಮನ ಹಾಳೆಗೆ ಮೂರನೇ ಕಾಲಂ ಸೇರಿಸುತ್ತಿದ್ದೇನೆ: ಇಲ್ಲ ಅಂದ ಮೇಲೆ ಏನು ಮಾಡಿದರು? ಪೇಡ ಒಯ್ದರೋ, ಖಾರ ಮಾತ್ರ ಒಯ್ದರೋ, ಬರಿಗೈಲಿ ಹೋದರೋ. ಮಕ್ಕಳನ್ನು ನಾಲ್ಕು ನಾಲ್ಕು ಜನದ ಗುಂಪು ಮಾಡಿ, ಒಂದೊಂದು ಗುಂಪಿಗೆ ಬೇರೆ ಬೇರೆ ಮೂರನೇ ಕಾಲಂ ಕೊಡುತ್ತೇನೆ. ಒಂದು ಗುಂಪಿಗೆ 7, ಇನ್ನೊಂದಕ್ಕೆ 9 ಬಂದಾಗ ಅವರೇ ಜಗಳವಾಡಿ ಕಾರಣ ಹುಡುಕಲಿ.

ಭಾನುವಾರ ಬೇರೆ ಹಾಳೆ ಅಂತಲೂ ಹಾಕುತ್ತೇನೆ. ಎರಡನ್ನೂ ಸೇರಿಸಿ ಲೆಕ್ಕ ಹಾಕಿದರೆ ವಾರದ ದಿನ ಮಿಗುತ್ತದೆ, ಭಾನುವಾರ ಸಾಲುವುದಿಲ್ಲ. ಒಂದು ಉಳಿದಿದೆ. ನಮ್ಮ ದಾವಣಗೆರೆಯ ದುಗ್ಗಮ್ಮನ ಜಾತ್ರೆ ಎರಡು ವರ್ಷಕ್ಕೊಮ್ಮೆ. ಆ ವಾರಕ್ಕೆ ಮಲ್ಲಣ್ಣ ಏನು ಮಾಡಬೇಕು? 20 ದಿನದ ಚೀಟಿ ಅಲ್ಲಿ ಕೆಲಸಕ್ಕೆ ಬರಲ್ಲ.

ಭಟ್ಟಿ ಮನೆ, ಚಿತ್ರದುರ್ಗ

ಜಾತ್ರೆ ವಾರ ಕಲಾಕಂದ್ ಕಡಾಯಿ ಏರಿಸೋದು ಬೇಡ್ರಿ. ಆ ವಾರಕ್ಕೆ ಮೈಸೂರು ಪಾಕು, ಬೇಸನ್ ಉಂಡೆ ಮುಂಚೆನೇ ಮಾಡಿಡಬೇಕು. ತುಪ್ಪದ ಮಾಲು ಜಾತ್ರೆ ಮುಗಿದ ಮೇಲೂ ಮೂರ್ನಾಲ್ಕು ದಿನ ನಿಲ್ಲುತ್ತೆ, ಮಿಕ್ಕರೆ ಮಾಮೂಲಿ ಗಿರಾಕಿಗೇ ಹೋಗುತ್ತೆ. ಮೊದಲೇ ಹೇಳಿ ಮುಂಗಡ ಕೊಟ್ಟವರಿಗೆ ಮಾತ್ರ ಕಲಾಕಂದ್ ಎಷ್ಟು ಬೇಕೋ ಅಷ್ಟು.

ಕಾಸ್ಟಿಂಗ್ ಕೆಲಸದವರು

ಒಪ್ಪಿದೆ. ಮುಂಗಡದ ಕೆಜಿಗೆ ಮಿಗುವ ಭಯ ಇಲ್ಲ, ಅದನ್ನು ಈ ಲೆಕ್ಕದಿಂದ ಹೊರಗೇ ಇಡಿ. ಆದರೆ ಜಾತ್ರೆಗೆ ಬಂದ ಹೊರೂರಿನವರು ಮುಂಗಡ ಕೊಡಲ್ಲ. ಅವರಿಗೆ ಎಷ್ಟು ಇಡಬೇಕು ಅನ್ನೋದಕ್ಕೆ ಹಿಂದಿನ ಜಾತ್ರೆಯ ಚೀಟಿ ಯಾರ ಹತ್ತಿರವಾದರೂ ಇದ್ದರೆ ಅಂಕಿ ಇಲ್ಲಿ ಹಾಕಿ. ತಟ್ಟೆ ಎಷ್ಟು ಗಂಟೆಗೆ ಖಾಲಿಯಾಯಿತು ಅನ್ನೋದೂ ಇರಲಿ. ಅದು ಇಲ್ಲದಿದ್ದರೆ ಮಾರಿದ ಅಂಕಿ ಒಂದರಿಂದ ಏನೂ ತಿಳಿಯುವುದಿಲ್ಲ.